ಸಹಾಯ ಬೇಕು: ನಾಟಿ ಔಷಧಿ ಆ್ಯಪ್‌ಗೆ ಪೇಟೆಂಟಾ, ಕಾಪಿರೈಟಾ?

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಬೌದ್ಧಿಕ ಆಸ್ತಿ ಸೆಮಿನಾರ್‌ಗೆ ತಯಾರಿ ಮಾಡ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ನಾನು ತಗೊಂಡಿರುವ ಉದಾಹರಣೆ ಇದು: ಮಲೆನಾಡಿನ ನಾಟಿ ವೈದ್ಯರೊಬ್ಬರು ಹೇಳಿದ ಔಷಧಿಗಳನ್ನು ಸೇರಿಸಿ ಮಾಡಿದ ಒಂದು ಆ್ಯಪ್.

ಕೋಡ್ ವಿಷಯ ಅರ್ಥವಾಯಿತು. ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ. 1957ರ ಕಾಪಿರೈಟ್ ಕಾಯ್ದೆ ಅದನ್ನು ಸಾಹಿತ್ಯ ಕೃತಿ ಅಂತ ಎಣಿಸುತ್ತದೆ. (ಕವಿತೆಯೂ ಕೋಡೂ ಒಂದೇ ಸಾಲಿನಲ್ಲಿ! ಇರಲಿ.)

ತೊಡಕು ಔಷಧಿಯದ್ದು. ಸೆಕ್ಷನ್ 3(ಪಿ) ಪಾರಂಪರಿಕ ಜ್ಞಾನಕ್ಕೆ ಪೇಟೆಂಟ್ ಕೊಡುವುದಿಲ್ಲ. ಕಾಪಿರೈಟ್ ನಾವು ಬರೆದ ಮಾತುಗಳಿಗೆ ಮಾತ್ರ, ಯಾವ ಸೊಪ್ಪು ಯಾವ ಕಾಯಿಲೆಗೆ ಅನ್ನುವ ತಿಳಿವಳಿಕೆಗೆ ಅಲ್ಲ. ಅರಿಶಿನದ ಕೇಸ್ ಓದಿದೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಸಿಕ್ಕಿದ್ದ ಪೇಟೆಂಟನ್ನು ಭಾರತದ ಸಂಶೋಧನಾ ಸಂಸ್ಥೆ ಸಿಎಸ್ಐಆರ್ ಹಳೆಯ ಬರಹಗಳನ್ನು ತೋರಿಸಿ, ಇದು ಹೊಸದಲ್ಲ ಅಂತ ಹೇಳಿ 1997ರಲ್ಲಿ ರದ್ದು ಮಾಡಿಸಿತು. ಅಂದ್ರೆ ಆ್ಯಪ್‌ನಲ್ಲಿ ಪ್ರಕಟಿಸಿದರೆ ಬೇರೆಯವರ ಪೇಟೆಂಟ್ ತಡೆಯಬಹುದು. ಆದರೆ ಅದನ್ನೇ ಓದಿ ಯಾರು ಬೇಕಾದರೂ ಮುಲಾಮು ಮಾಡಿ ಮಾರಬಹುದಲ್ವಾ?

ಪೇಟೆಂಟೂ ಇಲ್ಲ, ಕಾಪಿರೈಟೂ ಇಲ್ಲ. ಹಾಗಾದರೆ ಕಂಪನಿಯೊಂದು ಆ್ಯಪ್ ನೋಡಿ ಔಷಧಿ ಮಾಡಿ ಮಾರಿದರೆ, 2002ರ ಜೀವವೈವಿಧ್ಯ ಕಾಯ್ದೆಯಡಿ ಆ ವೈದ್ಯರು ಲಾಭದ ಪಾಲು ಕೇಳಬಹುದಾ? ಕೇಳಬಹುದಾದರೆ ಪ್ರಕಟಿಸುವ ಮೊದಲೇ ಏನು ಮಾಡಿರಬೇಕು?