ಸಹಾಯ ಬೇಕು: ಕೇಸ್ ಉತ್ತರದಲ್ಲಿ ತತ್ವದ ಹೆಸರಿದೆ, ಕೇಸೇ ಇಲ್ಲ

ಬಿಸಿನೆಸ್ ಸ್ಟಡೀಸ್ ಕಲಿಸುವವರು ಯಾರಾದರೂ ಇದನ್ನು ಸ್ವಲ್ಪ ನೋಡ್ತೀರಾ? ಕೇಸ್ ಇಷ್ಟೇ. ಒಬ್ಬ ಮಷೀನ್ ಆಪರೇಟರ್‌ಗೆ ಪ್ರೊಡಕ್ಷನ್ ಮೇಲ್ವಿಚಾರಕರು ವೇಗ ಹೆಚ್ಚಿಸು ಅಂತಾರೆ, ಗುಣಮಟ್ಟ ನೋಡುವವರು ನಿಧಾನ ಮಾಡು ಅಂತಾರೆ, ಅವನು ಯಾರ ಮಾತು ಕೇಳಬೇಕೆಂದು ತಿಳಿಯದೆ ಕೆಲಸ ನಿಲ್ಲಿಸಿ ಕಾಯುತ್ತಾನೆ. ಯಾವ ತತ್ವ ಮುರಿದಿದೆ, ಪರಿಣಾಮವೇನು ಎಂಬುದು ಪ್ರಶ್ನೆ.

ನನ್ನ ವಿದ್ಯಾರ್ಥಿನಿ ಬರೆದದ್ದು: 'ಫೇಯೋಲ್ ಅವರ ಯೂನಿಟಿ ಆಫ್ ಕಮಾಂಡ್, ಯೂನಿಟಿ ಆಫ್ ಡೈರೆಕ್ಷನ್ ಮತ್ತು ಶಿಸ್ತು.' ಕೆಳಗೆ ಮೂರರ ವ್ಯಾಖ್ಯಾನ. ಆಪರೇಟರ್ ಉತ್ತರದಲ್ಲಿ ಎಲ್ಲೂ ಬರುವುದೇ ಇಲ್ಲ!

ಮೊದಲನೆಯದು ಸರಿ. ಎರಡನೆಯದು ಒಂದೇ ಗುರಿಯ ಕೆಲಸಗಳಿಗೆ ಒಬ್ಬ ಮುಖ್ಯಸ್ಥ, ಒಂದು ಯೋಜನೆ ಇರಬೇಕು ಅನ್ನುತ್ತದೆ, ಇಲ್ಲಿ ತೊಂದರೆ ಆಗಿರುವುದು ಒಬ್ಬ ವ್ಯಕ್ತಿಗೆ ಬಂದ ಎರಡು ಆದೇಶಗಳಿಂದ. ಶಿಸ್ತು ಕೂಡ ಹೊಂದಲ್ಲ, ಅವನು ಯಾರನ್ನೂ ಧಿಕ್ಕರಿಸಿಲ್ಲ ಅಲ್ವಾ?

ನಾನು ಬಯಸುವ ಸಾಲು ಇಂಥದ್ದು: 'ವೇಗ ಹೆಚ್ಚಿಸು, ನಿಧಾನ ಮಾಡು ಎಂಬ ಆದೇಶಗಳು ಇಬ್ಬರಿಂದ ಬಂದಿವೆ, ಆದ್ದರಿಂದ ಯೂನಿಟಿ ಆಫ್ ಕಮಾಂಡ್ ಮುರಿದಿದೆ, ಪರಿಣಾಮವಾಗಿ ಆಪರೇಟರ್ ಗೊಂದಲಕ್ಕೆ ಬಿದ್ದು ಕೆಲಸ ನಿಂತಿದೆ.'

ಹೆಸರಿಗೆ ಮಾತ್ರ ಅಂಕ ಕೊಟ್ಟು ವ್ಯಾಖ್ಯಾನ ಬಿಡಬೇಕಾ? ಸುಮ್ನೆ ಸೇರಿಸಿದ ತತ್ವಗಳಿಗೆ ಅಂಕ ಕಳೆಯುತ್ತೀರಾ? ಇನ್ನೊಂದು, ಟೇಲರ್ ಅವರ ಫಂಕ್ಷನಲ್ ಫೋರ್‌ಮನ್‌ಶಿಪ್‌ನಲ್ಲಿ ಒಬ್ಬ ಕೆಲಸಗಾರನಿಗೆ ಹಲವು ಮೇಲ್ವಿಚಾರಕರಿರುತ್ತಾರೆ, ಯಾರಾದರೂ ಅದನ್ನು ಬರೆದು ಕೇಸ್‌ಗೆ ಜೋಡಿಸಿದರೆ ಒಪ್ಪುತ್ತೀರಾ?