ಎಂಟು ವಾರದ ಸಂಜೆ ಕ್ಯಾಡ್ ಕ್ಲಾಸು: ಯಾವ ವಾರ ಏನು ಕಲಿಸೋದು?

ಪಿಂಪ್ರಿಯಿಂದ ಕೇಳಿದವರು: ನಮ್ಮ ಓಣಿಯ ಹುಡುಗ-ಹುಡುಗಿಯರಿಗೆ ಸಂಜೆ ಕ್ಯಾಡ್ ಕ್ಲಾಸು ಶುರು ಮಾಡ್ತಿದ್ದೇವೆ. ಹತ್ತು, ಹನ್ನೆರಡನೇ ಮುಗಿಸಿದ 12 ಜನ, ಕಂಪ್ಯೂಟರ್ 6. ವಾರಕ್ಕೆ ನಾಲ್ಕು ಸಂಜೆ, ಎರಡೆರಡು ತಾಸು. ಭೋಸರಿ, ಚಾಕಣ ಕಡೆ ಟೆಕ್ನಿಷಿಯನ್ ಕೆಲಸ ಹಿಡೀಬೇಕು ಅಂತಾರೆ. ಯಾವ ಕ್ರಮದಲ್ಲಿ ಕಲಿಸೋಣ?

ಚಾಕಣದ ಡಿಸೈನ್ ಆಫೀಸಿನವರು: ಟು-ಡಿ ಕಾಲ ಮುಗೀತು ಸರ್. ಮೊದಲ ದಿನದಿಂದಲೇ ಥ್ರೀ-ಡಿ ಕಲಿಸಿ. ಮಾಡೆಲ್ ಮಾಡಿದರೆ ಡ್ರಾಯಿಂಗ್ ತಾನಾಗಿಯೇ ಬರುತ್ತೆ.

ಭೋಸರಿಯಲ್ಲಿ ಡ್ರಾಯಿಂಗ್ ಚೆಕ್ ಮಾಡುವವಳು: ದೊಡ್ಡ ಕಂಪನಿಗಳ ಡಿಸೈನ್ ವಿಭಾಗದ ಮಟ್ಟಿಗೆ ಅವರು ಹೇಳಿದ್ದು ಸರಿ. ಆದರೆ ತಾನಾಗಿ ಬರೋದು ನೋಟಗಳು ಮಾತ್ರ. ಯಾವ ಅಳತೆ ಕೊಡಬೇಕು, ಎಲ್ಲಿಂದ ಕೊಡಬೇಕು ಅನ್ನೋದನ್ನ ಮನುಷ್ಯರೇ ತೀರ್ಮಾನಿಸಬೇಕು. ನಮ್ಮಂಥ ಶೀಟ್ ಮೆಟಲ್ ಶಾಪಿಗೆ ಬರುವ ಹೊಸಬರು ಎಡವೋದು ಅಲ್ಲೇ. ಥ್ರೀ-ಡಿ ಆರನೇ ವಾರಕ್ಕೆ ಇಡಿ, ಒಂದೇ ವಾರ ಸಾಕು.

ಮೊದಲ ಎರಡು ವಾರ ಆರು ಜನ ಪರದೆ ಮುಂದೆ, ಆರು ಜನ ವರ್ನಿಯರ್ ಮತ್ತು ಪೆನ್ಸಿಲ್ ಹಿಡಿದು ಮೇಜಿನ ಮುಂದೆ. ತಾಸಿಗೊಮ್ಮೆ ಅದಲು ಬದಲು. ಕಂಪ್ಯೂಟರ್ ಕೊರತೆಯೂ ಕಾಡೋದಿಲ್ಲ. ಎರಡು ತೂತಿರುವ ಒಂದು ಪಟ್ಟಿ ಕೊಡಿ. ತೂತಿನ ನಡುವಿನಿಂದ ನಡುವಿಗೆ ಎಷ್ಟು ಅಂತ ಕೇಳಿದರೆ ಎಲ್ಲರೂ ಸ್ಕೇಲ್ ಇಟ್ಟು ಅಂದಾಜು ಹೇಳ್ತಾರೆ. ಎರಡು ತೂತಿನ ಒಳ ಅಂಚುಗಳ ನಡುವೆ 41 ಮಿ.ಮೀ., ತೂತಿನ ವ್ಯಾಸ 9 ಇದ್ದರೆ, ಕೂಡಿಸಿ 50. ಇದನ್ನ ಅವರ ಕೈಯಿಂದಲೇ ಮಾಡಿಸಿ. ಪಟ್ಟಿಯ ಒಂದೇ ಬದಿಗೆ ಕಚ್ಚು ಇರಲಿ. ಎರಡೂ ಬದಿ ಒಂದೇ ಥರ ಇದ್ದರೆ ನೋಟವನ್ನ ತಪ್ಪು ಕಡೆ ಇಟ್ಟಿದ್ದು ಗೊತ್ತೇ ಆಗೋದಿಲ್ಲ. ನಮ್ಮಲ್ಲಿ ಫಸ್ಟ್ ಆ್ಯಂಗಲ್: ಮೇಲಿಂದ ನೋಡಿದ್ದು ಎದುರು ನೋಟದ ಕೆಳಗೆ, ಬಲದಿಂದ ನೋಡಿದ್ದು ಎಡಕ್ಕೆ ಬರುತ್ತೆ.

ಮೂರನೇ ವಾರ ಅದೇ ಪಟ್ಟಿ ಪರದೆ ಮೇಲೆ. `LINE`, `CIRCLE`, `OFFSET`, `TRIM`, `FILLET` ಇಷ್ಟರಲ್ಲೇ ಮುಗಿಯುತ್ತೆ. ಫೈಲ್ ತೆರೆಯುವಾಗ `acadiso.dwt` ಆರಿಸಿದ್ದಾರಾ ನೋಡಿ. `acad.dwt` ತೆರೆದರೆ ಅದು ಇಂಚಿನದು, ಅದರಲ್ಲಿ ಮಿ.ಮೀ. ಲೆಕ್ಕದಲ್ಲಿ ಬರೆದರೆ ಅಳತೆಯ ಅಂಕಿಗಳು ಸಾಸಿವೆಯಷ್ಟಾಗಿ ಕಾಣ್ತವೆ, ಅದೇ ಗುರುತು.

ನಾಲ್ಕನೇ ವಾರ ಪೂರ್ತಿ ಡೈಮೆನ್ಶನ್‌ಗೇ ಬಿಡಿ. ನಮ್ಮಲ್ಲೊಬ್ಬ ಹುಡುಗ ತೂತಿನ ಅಂತರ 50 ಮಿ.ಮೀ. ಬೇಕಿದ್ದಲ್ಲಿ 48ಕ್ಕೆ ಗೆರೆ ಎಳೆದಿದ್ದ. ತಪ್ಪು ಕಂಡಾಗ ಗೆರೆ ಸರಿಸದೆ, ಅಂಕಿಯ ಮೇಲೆ ಡಬಲ್ ಕ್ಲಿಕ್ ಮಾಡಿ 50 ಅಂತ ಟೈಪ್ ಮಾಡಿಬಿಟ್ಟ. ಪ್ರಿಂಟ್ ನೋಡಿದವರಿಗೆಲ್ಲ ಸರಿಯಾಗೇ ಕಂಡಿತು. ಲೇಸರ್ ಮಷೀನು ಗೆರೆಯನ್ನ ಓದುತ್ತೆ, ಅಂಕಿಯನ್ನಲ್ಲ. ಬಂದ ಪ್ಲೇಟೆಲ್ಲ 48, ಬೋಲ್ಟು ಕೂರಲೇ ಇಲ್ಲ. ಪತ್ತೆ ಸುಲಭ: ಆ ಡೈಮೆನ್ಶನ್ ಆರಿಸಿ ಪ್ರಾಪರ್ಟೀಸ್‌ನಲ್ಲಿ `Text override` ನೋಡಿ, ಖಾಲಿ ಇರಬೇಕು. ಅಂಕಿ ತುಂಬಿದ್ದರೆ ಅಳಿಸಿ, ನಿಜವಾದ ಅಳತೆ ತಾನೇ ಕಾಣುತ್ತೆ.

ಐದನೇ ವಾರ ಸೆಕ್ಷನ್ ನೋಟ, ಟಾಲರೆನ್ಸ್ ಓದೋದು. ಏಳನೇ ವಾರ ಬೇಕಂತಲೇ ತಪ್ಪು ಹಾಕಿದ ಡ್ರಾಯಿಂಗ್ ಕೊಟ್ಟು ಹುಡುಕಿಸಿ. ಎಂಟನೇ ವಾರ ಒಬ್ಬರ ಡ್ರಾಯಿಂಗ್ ಇನ್ನೊಬ್ಬರಿಗೆ ಕೊಟ್ಟು ರಟ್ಟಿನಲ್ಲಿ ಕತ್ತರಿಸಲು ಹೇಳಿ. ಬರೆದವರು ಬಾಯಿ ಬಿಡಬಾರದು.

ಮಡಗಾಂವ್‌ನ ತಂದೆ: ನನ್ನ ಮಗಳು ಸಿವಿಲ್ ಡಿಪ್ಲೊಮಾ ಓದ್ತಿದ್ದಾಳೆ. ಮನೆ ಪ್ಲಾನು, ಕಾಲಮ್ ಲೇಔಟು ಈ ಎಂಟು ವಾರದಲ್ಲಿ ಬರುತ್ತಾ?

ಭೋಸರಿಯವಳು: ಅಣ್ಣಾ, ಇದು ಮಷೀನ್ ಭಾಗಗಳ ಕ್ಲಾಸು. ಕಮಾಂಡುಗಳು ಅವೇ, ಆದರೆ ಪ್ಲಾನ್ ಓದೋ ವಿದ್ಯೆಯೇ ಬೇರೆ. ಅವಳಿಗೆ ಬೇರೆ ಕಡೆ ನೋಡಿ.

ಮುಂಬೈ ಪಕ್ಕದ ಠಾಣೆಯಿಂದ, ಇಂಥದ್ದೇ ಕ್ಲಾಸು ಮುಗಿಸಿದವನು: ಇಂಟರ್‌ವ್ಯೂನಲ್ಲಿ ನನಗೆ ಕಂಪ್ಯೂಟರ್ ತೋರಿಸಲೇ ಇಲ್ಲ. ಒಂದು ಬುಶ್ ಕೈಗೆ ಕೊಟ್ಟು ಕಾಗದದ ಮೇಲೆ ಸ್ಕೆಚ್ ಮಾಡಿ ಅಂದರು. ಅದು ಬಂದಿದ್ದಕ್ಕೇ ಕೆಲಸ ಸಿಕ್ಕಿತು. ಡಿಸೈನರ್ ಆಗಿ ಅಲ್ಲ, ಇನ್‌ಸ್ಪೆಕ್ಷನ್‌ಗೆ.

ಪಿಂಪ್ರಿಯವರು: ಬಹಳ ಉಪಕಾರ ಅಕ್ಕಾ. ಸಾಫ್ಟ್‌ವೇರ್ ಯಾವುದು ಹಾಕಲಿ? ವಿದ್ಯಾರ್ಥಿಗಳಿಗೆ ಆಟೋಕ್ಯಾಡ್ ಪುಕ್ಕಟೆ ಅಂತಾರಲ್ಲ?

ಚಾಕಣದವರು: ಅದು ಮಾನ್ಯತೆ ಇರುವ ಶಾಲೆ-ಕಾಲೇಜಿನವರಿಗೆ. ಓಣಿಯ ಕ್ಲಾಸಿಗೆ ಸಿಗೋದು ಕಷ್ಟ. ಲಿಬ್ರೆಕ್ಯಾಡ್ ಪುಕ್ಕಟೆ, ಆದರೆ ಬಯೋಡೇಟಾದಲ್ಲಿ ಆ ಹೆಸರು ನೋಡಿ ಯಾರೂ ಕರೆಯೋದಿಲ್ಲ.

ಭೋಸರಿಯವಳು: ನಾನು ಒಪ್ಪೋದಿಲ್ಲ. ಲಿಬ್ರೆಕ್ಯಾಡ್‌ನಲ್ಲಿ ಕೈ ಕೂತವರಿಗೆ ಆಟೋಕ್ಯಾಡ್ ಹಿಡಿಯೋದು ಕಷ್ಟವಿಲ್ಲ. ಮೇಲೆ ಹೇಳಿದ ಕಮಾಂಡು, ಫೈಲಿನ ಹೆಸರು ಮಾತ್ರ ಆಟೋಕ್ಯಾಡಿನವು, ಲಿಬ್ರೆಕ್ಯಾಡ್‌ನಲ್ಲಿ ಕೆಲವು ಬೇರೆ ಇರಬಹುದು.

ಪಿಂಪ್ರಿಯವರು: ನೋಡೋಣ, ಇಬ್ಬರ ಮಾತೂ ತಲೇಲಿ ಇಟ್ಕೋತೀನಿ. ವರ್ನಿಯರ್ ಎರಡೇ ಇವೆ. ಜುನಾ ಬಜಾರಿನಲ್ಲಿ ಹಳೇದು ತಂದರೆ ನಡೀತದಾ?

ಭೋಸರಿಯವಳು: ನಡೀತದೆ, ಅಲ್ಲೇ ಪರೀಕ್ಷಿಸಿ ತನ್ನಿ. ದವಡೆ ಪೂರ್ತಿ ಮುಚ್ಚಿ ಬೆಳಕಿಗೆ ಹಿಡಿಯಿರಿ, ನಡುವೆ ಬೆಳಕು ತೂರಬಾರದು. ಹಾಗೇ ಮುಚ್ಚಿದಾಗ ಎರಡು ಸೊನ್ನೆ ಗೆರೆಗಳೂ ಎದುರುಬದುರು ಕೂರಬೇಕು. ಕೂರದಿದ್ದರೆ ಎಷ್ಟೇ ಅಗ್ಗ ಇದ್ದರೂ ಬಿಟ್ಟು ಬನ್ನಿ.