ಪದಚರ್ಚೆ: 280ರ ಮಿತಿಯೊಳಗೆ ‘ಜೂನಿಯರ್ ಡಿಸೈನರ್’ಗೆ ಏನೆನ್ನೋಣ?

ಶಿರಸಿಯಿಂದ

ಬಳಗಕ್ಕೆ ನಮಸ್ಕಾರ. ಮಸಾಲೆ ಪೊಟ್ಟಣದ ಲೇಬಲ್, ಅಂಗಡಿ ಪೋಸ್ಟರ್ ಮಾಡುವ ಸಣ್ಣ ಕಚೇರಿ ನಮ್ಮದು. ಜೂನಿಯರ್ ಡಿಸೈನರ್ ಒಬ್ಬರು ಬೇಕು. ಎಕ್ಸ್‌ನಲ್ಲಿ ಹಾಕಬೇಕು, ಉಚಿತ ಖಾತೆ, ಹಾಗಾಗಿ 280ರ ಮಿತಿ. ತಲೆಬರಹ ಹೀಗೆ ಬರೆದಿದ್ದೇನೆ:

‘ಸೃಜನಶೀಲ ಹಾಗೂ ಉತ್ಸಾಹಿ ಕಿರಿಯ ವಿನ್ಯಾಸಕಾರರು ಬೇಕಾಗಿದ್ದಾರೆ’

ವಿನ್ಯಾಸಕ, ವಿನ್ಯಾಸಗಾರ, ವಿನ್ಯಾಸಕಾರ, ಇವುಗಳಲ್ಲಿ ಯಾವುದು ಸರಿ? ‘ಪೋರ್ಟ್‌ಫೋಲಿಯೊ’ಕ್ಕೆ ಏನು? ಇವತ್ತು ಸಂಜೆಯೊಳಗೆ ಹಾಕಬೇಕು.

ಕುಮಟಾದಿಂದ

ಮೂರೂ ಬೇಡ. ‘ವಿನ್ಯಾಸ’ವೇ ಸಂಸ್ಕೃತ, ಅದಕ್ಕೆ ಕನ್ನಡದ ಬಾಲ ಕಟ್ಟಿದರೆ ಕನ್ನಡವಾಗುವುದಿಲ್ಲ. ‘ಚಿತ್ತಾರಿಗ’ ಎನ್ನಿ. ‘ಇಗ’ ಪ್ರತ್ಯಯ ನಮ್ಮದೇ. ಕಿರಿಯ ಚಿತ್ತಾರಿಗ. ಮುಗಿಯಿತು.

ಸಿದ್ದಾಪುರದಿಂದ

ಮಾಸ್ತರ್ರೇ, ನಮ್ಮ ಕಡೆ ಚಿತ್ತಾರ ಅಂದರೆ ದೀವರ ಮನೆಯ ಗೋಡೆಯ ಹಸೆ ಚಿತ್ತಾರ. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಗೆರೆ ಎಳೆಯುವವರು ಅರ್ಜಿ ಹಾಕಿಯಾರು. ಒಳ್ಳೆ ಕಲೆಯೇ, ಆದರೆ ಇವರಿಗೆ ಬೇಕಾದದ್ದು ಅದಲ್ಲ. ಹೇಗೂ ‘ಚಿತ್ತಾರ’ವೂ ‘ಚಿತ್ರ’ದ ತದ್ಭವ. ಸಂಸ್ಕೃತದಿಂದ ಓಡಿ ಸಂಸ್ಕೃತದ ಮನೆಗೇ ಹೊಕ್ಕಿರಿ.

ಕುಮಟಾದಿಂದ

ತದ್ಭವ ಅಂದರೆ ಕನ್ನಡದ ಬಾಯಿಗೆ ಒಗ್ಗಿದ ಮಾತು. ತತ್ಸಮದ ಜತೆ ಅದನ್ನು ಒಂದೇ ತಕ್ಕಡಿಗೆ ಹಾಕಬೇಡಿ.

ಅಂಕೋಲಾದಿಂದ

ಪದ ಯಾವುದಾದರೂ ಆಗಲಿ, ‘ಡಿಸೈನರ್’ ಎಂದು ಹಾಕಿದರೆ ಜಾಗ ಉಳಿಯುತ್ತದೆ. ಅಲ್ಲದೆ ಎಕ್ಸ್‌ನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಲಿಪಿಗೆಲ್ಲ ಒಂದಕ್ಕೆ ಎರಡು ಲೆಕ್ಕ. ಕನ್ನಡಕ್ಕೆ ಸಿಗುವುದು 140 ಮಾತ್ರ, ಒತ್ತಕ್ಷರಕ್ಕೆ ಒಂದು ಅಂತ ಹಿಡಿದುಕೊಳ್ಳಿ.

ಕಾರವಾರದಿಂದ

ಅರ್ಧ ಸರಿ. ಎರಡರ ಲೆಕ್ಕ ಇರುವುದು ಚೀನೀ, ಜಪಾನೀ, ಕೊರಿಯನ್ ಲಿಪಿಗಳಿಗೆ ಮತ್ತು ಇಮೋಜಿಗೆ. ಕನ್ನಡದ ಕೋಡ್‌ಗಳೆಲ್ಲ ಒಂದರ ಲೆಕ್ಕದ ಸಾಲಿನಲ್ಲಿವೆ, 280 ಪೂರ್ತಿ ಸಿಗುತ್ತದೆ. ಆದರೆ ಅದು ಎಣಿಸುವುದು ನಾವು ಓದುವ ಅಕ್ಷರವನ್ನಲ್ಲ, ಕೋಡ್‌ಗಳನ್ನು. ಒತ್ತು, ಗುಣಿತದ ಚಿಹ್ನೆ, ವಿರಾಮ ಎಲ್ಲ ಬೇರೆ ಬೇರೆ. ‘ಸ್ಟ್ರೇ’ ಕಣ್ಣಿಗೆ ಒಂದು, ಅಲ್ಲಿ ಆರು: ಸ, ವಿರಾಮ, ಟ, ವಿರಾಮ, ರ, ಏತ್ವದೀರ್ಘ. ಬೆರಳಿನಲ್ಲಿ ಎಣಿಸಿ ‘ಇನ್ನೂ ಜಾಗ ಇದೆ’ ಎಂದುಕೊಂಡವರು ತಪ್ಪುವುದು ಇಲ್ಲೇ.

ಜಾಗ ಉಳಿಸುವ ವಾದವೂ ನಿಲ್ಲುವುದಿಲ್ಲ. ಡಿಸೈನರ್ 7, ವಿನ್ಯಾಸಕ 8, ವಿನ್ಯಾಸಗಾರ ಮತ್ತು ವಿನ್ಯಾಸಕಾರ ತಲಾ 10. ಜೂನಿಯರ್ 7, ಕಿರಿಯ 5. ಶಿರಸಿಯವರ ತಲೆಬರಹ ಒಟ್ಟು 52. ಅದರಲ್ಲಿ ‘ಸೃಜನಶೀಲ ಹಾಗೂ ಉತ್ಸಾಹಿ’ ಮತ್ತು ಅದರ ಮುಂದಿನ ಖಾಲಿ ಜಾಗ ಸೇರಿ 21. ನಾನು ಉತ್ಸಾಹಿ ಅಲ್ಲ ಎಂದು ಯಾರೂ ಅರ್ಜಿ ಹಾಕದೆ ಕೂರುವುದಿಲ್ಲ, ಮೊದಲು ಅದನ್ನು ಕಿತ್ತುಹಾಕಿ.

ಹೊನ್ನಾವರದಿಂದ

ನಾಮಫಲಕದಲ್ಲಿ ಶೇಕಡಾ 60 ಕನ್ನಡ ಕಡ್ಡಾಯ ಎಂದು 2024ರಲ್ಲೇ ತಿದ್ದುಪಡಿ ಕಾಯ್ದೆ ಬಂದಿದೆ. ‘ಡಿಸೈನರ್’ ಎಂದು ಕನ್ನಡ ಲಿಪಿಯಲ್ಲಿ ಬರೆದರೆ ಅದು ಕನ್ನಡದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ನಮ್ಮ ಅಂಗಡಿ ಬೋರ್ಡಿಗೂ ಇದೇ ಗೊಂದಲ.

ಕಾರವಾರದಿಂದ

ಅದು ಬೋರ್ಡಿಗೆ. ಇಲ್ಲಿ ಬೋರ್ಡಿಲ್ಲ.

ಸಿದ್ದಾಪುರದಿಂದ

ಕಸುಬಿನ ಪದಕ್ಕಿಂತ ದೊಡ್ಡ ತೊಡಕು ‘ಬೇಕಾಗಿದ್ದಾರೆ’ಯದು. ‘ವಿನ್ಯಾಸಕ ಬೇಕಾಗಿದ್ದಾನೆ’ ಎಂದರೆ ಹೆಣ್ಣುಮಕ್ಕಳು ಹೊರಗೆ. ‘ವಿನ್ಯಾಸಕ/ಕಿ’ ಓದಲು ಬರುವುದಿಲ್ಲ. ‘ವಿನ್ಯಾಸಕಾರರು ಬೇಕಾಗಿದ್ದಾರೆ’ ಎಂದರೆ ನಾಲ್ಕೈದು ಜನ ಬೇಕು ಅನ್ನಿಸುತ್ತದೆ. ಇವರಿಗೆ ಬೇಕಾದವರು ಒಬ್ಬರು.

‘ಹುದ್ದೆ’ಯನ್ನು ತಲೆಯಾಗಿಸಿ: ‘ಕಿರಿಯ ಗ್ರಾಫಿಕ್ ಡಿಸೈನರ್ ಹುದ್ದೆ’. ಲಿಂಗವೂ ಇಲ್ಲ, ವಚನದ ಗೊಂದಲವೂ ಇಲ್ಲ. ‘ಬೇಕಾಗಿದ್ದಾರೆ’ 12 ತಿನ್ನುವಲ್ಲಿ ‘ಹುದ್ದೆ’ಗೆ 6 ಸಾಕು. ‘ಡಿಸೈನರ್’ಗೆ ವಿಭಕ್ತಿ ಹತ್ತಿಸುವ ಕೆಲಸವೂ ತಪ್ಪುತ್ತದೆ. ‘ಡಿಸೈನರ್‌ಗೆ’ ಎಂದು ಸರಿಯಾಗಿ ಕಾಣಲು ನಡುವೆ ಕಣ್ಣಿಗೆ ಕಾಣದ ಒಂದು ಕೋಡ್ ಇರಬೇಕು, ಅದಕ್ಕೂ ಒಂದು ಲೆಕ್ಕ. ಕಾಪಿ ಮಾಡುವಾಗ ಅದು ಉದುರಿದರೆ ‘ಡಿಸೈನರ್ಗೆ’ ಎಂದು ಅರ್ಕಾವತ್ತು ಹತ್ತಿಕೊಳ್ಳುತ್ತದೆ.

‘ಗ್ರಾಫಿಕ್’ ಬಿಡಬೇಡಿ. ಪೇಟೆಯಲ್ಲಿ ಬರೀ ಡಿಸೈನರ್ ಅಂದರೆ ಬ್ಲೌಸ್.

ಕುಮಟಾದಿಂದ

‘ಹುದ್ದೆ’ ಪಾರಸಿ ದಾರಿಯಿಂದ ಬಂದದ್ದು. ‘ಅರ್ಜಿ’ಯೂ. ಒಂದು ಸಾಲಿನಲ್ಲಿ ಪಾರಸಿ, ಇಂಗ್ಲಿಷ್ ಎರಡೂ. ಕನ್ನಡ ಎಲ್ಲಿದೆ? ‘ಕಿರಿಯ’ದಲ್ಲಿ ಮಾತ್ರ. ಅದೂ ವಯಸ್ಸು ಹೇಳುತ್ತದೆ, ದರ್ಜೆಯನ್ನಲ್ಲ.

ಸಿದ್ದಾಪುರದಿಂದ

‘ಕಿರಿಯ ಇಂಜಿನಿಯರ್’ ಎಂದು ಇಲಾಖೆಯವರು ಬರೆಯುತ್ತಾರೆ, ಯಾರೂ ಅವರ ವಯಸ್ಸು ಕೇಳುವುದಿಲ್ಲ. ಹುದ್ದೆ, ಅರ್ಜಿ ಪಾರಸಿ ಎಂಬುದು ಅರ್ಜಿ ಬರೆಯುವವನಿಗೆ ಯಾವತ್ತಾದರೂ ತೊಡಕಾಗಿದೆಯೇ? ಆ ನ್ಯಾಯದಲ್ಲಿ ‘ಡಿಸೈನರ್’ಗೂ ಹೊಸ್ತಿಲು ದಾಟಲು ಬಿಡಿ.

ಕುಮಟಾದಿಂದ

ಹೊಸ್ತಿಲು ದಾಟಿದವರೆಲ್ಲ ಮನೆಯವರಲ್ಲ.

ಕಾರವಾರದಿಂದ

ಇವರಿಬ್ಬರ ವ್ಯಾಜ್ಯ ಸಂಜೆಯೊಳಗೆ ಮುಗಿಯದು, ಪೋಸ್ಟ್ ಬರೆದುಬಿಡೋಣ.

‘ಅರ್ಹತೆ’ ಎಂದು ಹಾಕಬೇಡಿ. ಓದುವವರು ಡಿಗ್ರಿ, ಡಿಪ್ಲೊಮಾ ಅಂದುಕೊಂಡು ಕೆಲಸ ಬರುವವರೂ ಹಿಂದೆ ಸರಿಯುತ್ತಾರೆ. ‘ಬೇಕು’ ಸಾಕು. ಪೋರ್ಟ್‌ಫೋಲಿಯೊ ನಿಘಂಟು ನೋಡಿ ತರ್ಜುಮೆ ಮಾಡಿದರೆ ಮಂತ್ರಿಗಳ ‘ಖಾತೆ’ಯಾಗುತ್ತದೆ. ‘ಕೆಲಸಗಳ ಮಾದರಿ’ ಎನ್ನಿ, ಎಷ್ಟು ಬೇಕು ಎಂದೂ ಹೇಳಿ. ಸಂಖ್ಯೆ ಹೇಳದಿದ್ದರೆ ಒಬ್ಬರು ಒಂದೇ ಚಿತ್ರ ಕಳಿಸುತ್ತಾರೆ, ಇನ್ನೊಬ್ಬರು ಇಡೀ ಡ್ರೈವ್.

‘ಯೂನಿಕೋಡ್’ ಎಂಬ ಮಾತು ಮುಖ್ಯ. ಬರೀ ‘ಕನ್ನಡ ಟೈಪಿಂಗ್’ ಎಂದರೆ ‘ನುಡಿ’ ತಂತ್ರಾಂಶದ ಹಳೆ ಆಸ್ಕಿ ಫಾಂಟಿನಲ್ಲಷ್ಟೇ ಕೈಪಳಗಿದವರೂ ಬರುತ್ತಾರೆ. ಅವರ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೆಲ್ಲ ಕಲಸುಮೇಲೋಗರ. ಸಂದರ್ಶನದಲ್ಲಿ ಇಲಸ್ಟ್ರೇಟರ್ ತೆರೆದು ‘ಸ್ಟ್ರೇ’ ಟೈಪ್ ಮಾಡಿಸಿ. ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದಾಗ ಪ್ರಿಫರೆನ್ಸಸ್‌ನ ‘ಟೈಪ್’ ವಿಭಾಗಕ್ಕೆ ಹೋಗಿ `Show Indic Options` ಹುಡುಕುವವರಿಗೆ ಕೆಲಸ ಗೊತ್ತು.

ಕಿರಿಯ ಗ್ರಾಫಿಕ್ ಡಿಸೈನರ್ ಹುದ್ದೆ, ಶಿರಸಿ
ಕೆಲಸ: ಲೇಬಲ್, ಪೋಸ್ಟರ್, ಕರಪತ್ರ
ಬೇಕು: ಇಲಸ್ಟ್ರೇಟರ್, ಫೋಟೊಶಾಪ್, ಯೂನಿಕೋಡ್ ಕನ್ನಡ ಅಕ್ಷರ ಜೋಡಣೆ
ಅನುಭವ: 0-1 ವರ್ಷ
ಸಂಬಳ: ತಿಂಗಳಿಗೆ ₹15,000-18,000
ನಿಮ್ಮ 3 ಕೆಲಸಗಳ ಮಾದರಿ ಸಹಿತ ಅರ್ಜಿ: (ಕೊಂಡಿ)

ಸಂಬಳದ ಅಂಕಿ ಸುಮ್ಮನೆ ಹಾಕಿದ್ದು, ನಿಮ್ಮದನ್ನು ತುಂಬಿ. ಕೊಂಡಿ ಎಷ್ಟೇ ಉದ್ದವಿರಲಿ 23 ಎಂದೇ ಲೆಕ್ಕ. ₹ ಚಿಹ್ನೆ ಎರಡು ತಿನ್ನುತ್ತದೆ, ಆದರೂ ಚುಕ್ಕಿ ಸೇರಿ ಮೂರಾಗುವ ‘ರೂ.’ಗಿಂತ ವಾಸಿ. ಸಾಲಿನ ಮೊದಲಿಗೆ ಅಂದದ ದುಂಡು ಚುಕ್ಕಿ ಇಡಬೇಡಿ, ಅದಕ್ಕೂ ಎರಡು. ಎಲ್ಲ ಸೇರಿ 225. ಉಳಿದ 55ರಲ್ಲಿ ಕೊನೆಯ ದಿನಾಂಕ ಹಾಕಿ. ದಿನಾಂಕವಿಲ್ಲದ ಪೋಸ್ಟನ್ನು ಜನ ಆರು ತಿಂಗಳ ಮೇಲೂ ಹಂಚುತ್ತಾ ಇರುತ್ತಾರೆ.

ಅಂಕೋಲಾದಿಂದ

ಇಷ್ಟೆಲ್ಲ ಎಣಿಸುವ ಬದಲು ಪೂರ್ತಿ ವಿವರವನ್ನು ಒಂದು ಚಿತ್ರದಲ್ಲಿ ಹಾಕಿದರಾಯಿತಲ್ಲ?

ಕಾರವಾರದಿಂದ

‘ಶಿರಸಿ ಡಿಸೈನರ್’ ಎಂದು ಹುಡುಕುವವರಿಗೆ ಚಿತ್ರದೊಳಗಿನ ಅಕ್ಷರ ಸಿಗುವ ಭರವಸೆ ಇಲ್ಲ. ಚಿತ್ರ ಹಾಕಿ, ಬೇಡ ಅನ್ನುವುದಿಲ್ಲ. ಈ ಆರು ಸಾಲು ಪಠ್ಯವಾಗಿ ಮೇಲಿರಲಿ.

ಶಿರಸಿಯಿಂದ

ಉಪಕಾರವಾಯಿತು. ‘ಹುದ್ದೆ’ ಇಟ್ಟುಕೊಳ್ಳುತ್ತೇನೆ, ಕೊನೆಯ ದಿನಾಂಕವೂ ಸೇರಿತು. ‘0-1 ವರ್ಷ’ ನೋಡಿ ಇಲ್ಲಿ ಒಬ್ಬರು ‘ಸೊನ್ನೆ ವರ್ಷ ಅಂದರೆ ಎಂಥದು’ ಎಂದು ಕೇಳಿದರು. ‘ಹೊಸಬರೂ ಆದೀತು’ ಎಂದು ಬದಲಿಸಲೇ?

ಸಿದ್ದಾಪುರದಿಂದ

‘ಆದೀತು’ ಘಟ್ಟ ಇಳಿದರೆ ಬೇರೆ ಧ್ವನಿ ಕೊಡುತ್ತದೆ, ಮನಸ್ಸಿಲ್ಲದೆ ಒಪ್ಪಿದ ಹಾಗೆ. ‘ಹೊಸಬರೂ ಬರಬಹುದು’ ನೋಡಿ.

ಕುಮಟಾದಿಂದ

ನಮ್ಮ ಕಡೆ ಅಂಥ ಧ್ವನಿಯೇನೂ ಇಲ್ಲ. ಇರಲಿ, ‘ಇಗ’ ಪ್ರತ್ಯಯದ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.